ಚಂದಾ ಸೌಲಭ್ಯ ಮತ್ತು ಬಳಕೆದಾರರ ಪಾತ್ರ (ತಂತ್ರಾಂಶ)

ಚಂದಾ ಕಟ್ಟಿ ಬಳಸುವ ತಂತ್ರಾಂಶದಲ್ಲಿ ಯಾವುದೇ ಕೆಲಸಕ್ಕೆ ಮುನ್ನ ಎರಡು ತಪಾಸಣೆಗಳು ನಡೆಯಬೇಕು. ಸಂಸ್ಥೆ ಕೊಂಡ ಪ್ಲಾನಿನಲ್ಲಿ ಆ ಸೌಲಭ್ಯ ಇದೆಯೇ, ಇದ್ದರೆ ಎಷ್ಟರ ಮಟ್ಟಿಗೆ ಎಂಬುದು ಒಂದು. ಇದಕ್ಕೆ ಎಂಟೈಟಲ್‌ಮೆಂಟ್ ಎನ್ನುತ್ತಾರೆ. ಆ ಸಂಸ್ಥೆಯ ಈ ವ್ಯಕ್ತಿಗೆ ಅದನ್ನು ಮಾಡುವ ಅನುಮತಿ ಇದೆಯೇ ಎಂಬುದು ಇನ್ನೊಂದು; ಅದು ವ್ಯಕ್ತಿಯ ರೋಲ್, ಅಂದರೆ ಪಾತ್ರಕ್ಕೆ ಸೇರಿದ್ದು.

ಇವೆರಡೂ ಬೇರೆ ಬೇರೆ ಕಡೆ ಬೆಳೆದು ಬಂದವು. 1980ರ ದಶಕದ ಕೊನೆಗೆ ಬಂದ FLEXlm ಮಾದರಿಯ ಲೈಸೆನ್ಸ್ ಸರ್ವರ್‌ಗಳು ಏಕಕಾಲಕ್ಕೆ ಎಷ್ಟು ಜನ ತಂತ್ರಾಂಶ ಬಳಸುತ್ತಿದ್ದಾರೆಂದು ಎಣಿಸುತ್ತಿದ್ದವು. ಪಾತ್ರಾಧಾರಿತ ಅನುಮತಿಯ ಮಾದರಿಯನ್ನು ಡೇವಿಡ್ ಫೆರೈಯೊಲೊ ಮತ್ತು ರಿಚರ್ಡ್ ಕುನ್ 1992ರಲ್ಲಿ ಮಂಡಿಸಿದರು. 2004ರಲ್ಲಿ ಅದು ಅಮೆರಿಕದ ಮಾನಕವಾಯಿತು. ಅದರಲ್ಲಿ ಪಾತ್ರ ಹುಟ್ಟುವುದು ಉದ್ಯೋಗಿಯ ಹೊಣೆಯಿಂದ, ಸಂಸ್ಥೆ ತೆತ್ತ ಹಣದಿಂದಲ್ಲ. ವೆಬ್‌ನ HTTP ನಿಯಮಾವಳಿಯಲ್ಲೂ ನಿಷೇಧಕ್ಕೆ 403, ಹಣ ಪಾವತಿಗೆ 402 ಎಂಬ ಬೇರೆ ಸಂಖ್ಯೆಗಳಿವೆ. ಆದರೆ 402ನ್ನು ಮುಂದಿನ ಬಳಕೆಗೆಂದು ಕಾಯ್ದಿರಿಸಿ, ಅರ್ಥವನ್ನು ನಿಗದಿ ಮಾಡದೆ ಬಿಟ್ಟರು.

ತಂತ್ರಾಂಶ ವೆಬ್ಬಿಗೆ ಬಂದು ತಿಂಗಳ ಚಂದಾ ರೂಢಿಯಾದಾಗ ಎರಡೂ ತಪಾಸಣೆಗಳು ಒಂದೇ ಸರ್ವರ್‌ನಲ್ಲಿ ಸೇರಿದವು, ಬೆರಕೆ ಸುಲಭವಾಯಿತು. ಒಂದು ಲೆಕ್ಕಪತ್ರ ತಂತ್ರಾಂಶದಲ್ಲಿ ಮಾಲೀಕ, ಲೆಕ್ಕಿಗ, ವೀಕ್ಷಕ ಎಂಬ ಮೂರು ಪಾತ್ರಗಳಿವೆ ಎನ್ನೋಣ. ವರದಿ ರಫ್ತಿನ ಸೌಲಭ್ಯವನ್ನು ದುಬಾರಿ ಪ್ಲಾನಿಗೆ ಸೇರಿಸುವಾಗ, ಅವಸರದಲ್ಲಿ `pro_owner` ಎಂಬ ಹೊಸ ಪಾತ್ರ ಸೃಷ್ಟಿಯಾಗುತ್ತದೆ. ಹೀಗೇ ಮುಂದುವರಿದರೆ ಮೂರು ಪ್ಲಾನು, ಮೂರು ಪಾತ್ರ ಸೇರಿ ಒಂಬತ್ತಾಗುತ್ತವೆ. ಒಂದು ತಿಂಗಳು ಕಾರ್ಡಿನಿಂದ ಹಣ ಹೋಗದಿದ್ದರೆ ಸಂಸ್ಥೆಯ ಎಲ್ಲರ ಪಾತ್ರವನ್ನೂ ಬದಲಿಸಬೇಕು. ಹಣ ಬಂದ ಮೇಲೆ ಯಾರಿಗೆ ಮೊದಲು ಯಾವ ಪಾತ್ರವಿತ್ತೆಂಬುದು ಉಳಿದಿರುವುದಿಲ್ಲ. ಈ ದೋಷ ಹಿಡಿಯಲು ಒಳ್ಳೆಯ ಸುಳಿವೊಂದಿದೆ: ‘ನಿಮಗೆ ಅನುಮತಿ ಇಲ್ಲ, ಮಾಲೀಕರನ್ನು ಕೇಳಿ’ ಎಂಬ ಸೂಚನೆ ಮಾಲೀಕರಿಗೇ ಕಾಣಿಸುತ್ತದೆ.

ಬೇರ್ಪಡಿಸಿ ಬರೆದಾಗ ರೂಪ ಹೀಗಿರುತ್ತದೆ:

```
if not can(user, "report.export"): return 403
if not entitled(org, "report.export"): return 402
```

ಅನುಮತಿಯ ತಪಾಸಣೆ ಮೊದಲು ಬರುವುದು ಸರಿ. ರಫ್ತು ಮಾಡುವ ಹಕ್ಕೇ ಇಲ್ಲದ ವೀಕ್ಷಕರಿಗೆ ‘ಪ್ಲಾನ್ ಹೆಚ್ಚಿಸಿ’ ಎಂದು ಹೇಳಿ ಪ್ರಯೋಜನವಿಲ್ಲ. ಎರಡನೆಯದು ಸಂಸ್ಥೆಯನ್ನು ಕೇಳುತ್ತದೆ, ವ್ಯಕ್ತಿಯನ್ನಲ್ಲ. ಅದು ಪ್ಲಾನಿನ ಹೆಸರನ್ನೂ ನೋಡದೆ ಸೌಲಭ್ಯವನ್ನಷ್ಟೇ ನೋಡುವುದರಿಂದ, ಹಳೆಯ ಗ್ರಾಹಕರಿಗೆ ಹಳೆಯ ಮಿತಿಯನ್ನೇ ಮುಂದುವರಿಸಬಹುದು.

ಎಣಿಕೆಯ ಮಿತಿಗಳು ಇನ್ನಷ್ಟು ಎಚ್ಚರ ಬೇಡುತ್ತವೆ. ಹತ್ತು ಬಳಕೆದಾರರಿರುವ ಸಂಸ್ಥೆ ಐದರ ಪ್ಲಾನಿಗೆ ಇಳಿದರೆ ಐವರನ್ನು ಅಳಿಸಿಹಾಕುವುದು ಅನ್ಯಾಯ. ಇದ್ದವರನ್ನು ಉಳಿಸಿಕೊಂಡು, ಸಂಖ್ಯೆ ಐದಕ್ಕಿಂತ ಕೆಳಗಿಳಿಯುವವರೆಗೆ ಹೊಸಬರ ಸೇರ್ಪಡೆಯನ್ನು ಮಾತ್ರ ತಡೆಯುವುದು ಉತ್ತಮ. ಕೊನೆಯ ಒಂದು ಜಾಗಕ್ಕೆ ಇಬ್ಬರು ಒಂದೇ ಕ್ಷಣದಲ್ಲಿ ಸೇರಲು ಬಂದರೆ ಇಬ್ಬರೂ ಒಳಬರುವ ಅಪಾಯವಿದೆ. ಆದ್ದರಿಂದ ಎಣಿಸುವುದೂ ಸೇರಿಸುವುದೂ ಬೀಗ ಹಾಕಿದ ಒಂದೇ ಡೇಟಾಬೇಸ್ ವ್ಯವಹಾರದಲ್ಲಿ ನಡೆಯಬೇಕು.

ಬಿಲ್ಲಿಂಗ್ ಸೇವೆಯೇ ಕೆಟ್ಟು ನಿಂತಾಗ ಈ ಬೇರ್ಪಡಿಕೆಯ ಬೆಲೆ ತಿಳಿಯುತ್ತದೆ. ಆಗ ಕೊನೆಯದಾಗಿ ಗೊತ್ತಿದ್ದ ಪ್ಲಾನನ್ನೇ ನಂಬಿ ಕೆಲಸ ಮುಂದುವರಿಸಬಹುದು. ಹೆಚ್ಚೆಂದರೆ ಸ್ವಲ್ಪ ಆದಾಯ ಹೋದೀತು. ಅನುಮತಿಯ ಸೇವೆ ಉತ್ತರಿಸದಿದ್ದರೆ ಮಾತ್ರ ಬಾಗಿಲು ಮುಚ್ಚಲೇಬೇಕು, ಏಕೆಂದರೆ ಅಲ್ಲಿ ಸೋರುವುದು ಇನ್ನೊಬ್ಬರ ಸಂಬಳದ ವಿವರ.