ಬಲಕ್ಕೆ ಬಾಲ ಚಾಚಿದ ಹಿಸ್ಟೋಗ್ರಾಂ

ಮಾಪನದೋಷಗಳ ಸಮಪಾರ್ಶ್ವದ ಘಂಟಾಕೃತಿಯೇ ಪ್ರಕೃತಿಯ ಸಮಸ್ತ ವೈವಿಧ್ಯಕ್ಕೂ ಮಾದರಿಯೆಂಬ ಭಾವನೆ ಹತ್ತೊಂಬತ್ತನೆಯ ಶತಮಾನದ ಸಂಖ್ಯಾಶಾಸ್ತ್ರಜ್ಞರಲ್ಲಿ ಬೇರೂರಿದ್ದಾಗ, ಜೀವಿಗಳಿಗೂ ಸಮಾಜಕ್ಕೂ ಸಂಬಂಧಿಸಿದ ಅಂಕಿಗಳಲ್ಲಿ ಏರಿಕೆ ಇಳಿಕೆಗಳು ಸಮವಾಗಿರಬೇಕಾಗಿಲ್ಲವೆಂದು ಫ್ರಾನ್ಸಿಸ್ ಗಾಲ್ಟನ್ 1879ರಲ್ಲಿ ವಾದಿಸಿದನು. ಒಂದು ಪಾರ್ಶ್ವಕ್ಕೆ ವಾಲಿದ ಇಂಥ ವಿತರಣೆಗಳಿಗೆ ಗಣಿತದ ಚೌಕಟ್ಟನ್ನು ಕಟ್ಟಿದವನು ಕಾರ್ಲ್ ಪಿಯರ್ಸನ್. ಹಿಸ್ಟೋಗ್ರಾಂ ಎಂಬ ಹೆಸರನ್ನೂ ಅವನೇ ಬಳಕೆಗೆ ತಂದು, 1895ರ ತನ್ನ ಪ್ರಬಂಧದಲ್ಲಿ ಅಚ್ಚಿಗಿತ್ತನು.

ಈ ಚಿತ್ರದಲ್ಲಿ ಎಣಿಕೆಯನ್ನು ಸೂಚಿಸುವುದು ಆಯತದ ವಿಸ್ತೀರ್ಣವೇ ಹೊರತು ಬರಿಯ ಎತ್ತರವಲ್ಲ. ಆದುದರಿಂದ ಮಧ್ಯಾಂಕವು ವಿಸ್ತೀರ್ಣವನ್ನು ಎರಡು ಸಮಭಾಗಗಳಾಗಿ ಸೀಳುವ ಗೆರೆ; ಸರಾಸರಿಯಾದರೋ ಇಡೀ ಆಕೃತಿಯನ್ನು ತಕ್ಕಡಿಯ ದಂಡದಂತೆ ಸಮತೂಕದಲ್ಲಿ ನಿಲ್ಲಿಸುವ ಬಿಂದು. ದೂರಕ್ಕೆ ಚಾಚಿದ ಬಾಲವು ತೆಳುವಾಗಿದ್ದರೂ, ದೂರದ ಬಲದಿಂದಲೇ ಈ ಬಿಂದುವನ್ನು ತನ್ನೆಡೆಗೆ ಸೆಳೆಯುತ್ತದೆ.

ಹಾರ್ವರ್ಡಿನ ಪ್ರಾಗ್ಜೀವಿವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಈ ಭೇದವನ್ನು ತನ್ನ ದೇಹದ ಮೇಲೆಯೇ ಓದಬೇಕಾಯಿತು. 1982ರಲ್ಲಿ ಉದರದ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರು ಅವನಲ್ಲಿ ಪತ್ತೆಯಾದಾಗ, ರೋಗ ತಿಳಿದ ಮೇಲೆ ಬದುಕುವ ಅವಧಿಯ ಮಧ್ಯಾಂಕ ಎಂಟು ತಿಂಗಳೆಂದು ವೈದ್ಯಗ್ರಂಥಗಳು ಹೇಳುತ್ತಿದ್ದವು. ಎಡಕ್ಕೆ ಸೊನ್ನೆಯ ಗೋಡೆಯಿದೆ, ಬಲಕ್ಕೆ ಅಂಥ ಅಡ್ಡಿಯಿಲ್ಲ. ಆದುದರಿಂದ ಉಳಿದ ಅರ್ಧ ಜನರ ಆಯುಸ್ಸು ಬಹುದೂರ ಹರಡಿರಲೇಬೇಕೆಂದು ಅವನು ತರ್ಕಿಸಿದನು. 1985ರಲ್ಲಿ ಇದನ್ನೇ ಪ್ರಬಂಧವಾಗಿ ಬರೆದನು. 2002ರಲ್ಲಿ ತೀರಿಕೊಂಡದ್ದು ಬೇರೊಂದು ಕ್ಯಾನ್ಸರಿನಿಂದ.

ಕಲ್ಪಿತವಾದ ಒಂಬತ್ತು ರೋಗಿಗಳ ಅವಧಿಗಳು 2, 3, 5, 6, 8, 11, 16, 30, 108 ತಿಂಗಳೆಂದಿಟ್ಟುಕೊಳ್ಳೋಣ. ನಡುವಣ 8 ಮಧ್ಯಾಂಕ. ಅದರ ಎಡಗಡೆಯ ನಾಲ್ವರ ಕೊರತೆ ಒಟ್ಟು 16, ಬಲಗಡೆಯ ನಾಲ್ವರ ಹೆಚ್ಚಳ 133. ಮಿಕ್ಕ 117ನ್ನು ಒಂಬತ್ತು ಮಂದಿಗೂ ಹಂಚಿದರೆ ತಲಾ 13, ಎಂದರೆ ಸರಾಸರಿ 21. ಕೊನೆಯವನು 108ರ ಬದಲು 216 ತಿಂಗಳು ಬದುಕಿದರೆ ಸರಾಸರಿ 33ಕ್ಕೆ ಏರುವುದು, ಮಧ್ಯಾಂಕ ಕದಲದು. ಕೋಷ್ಟಕದ ಕೊನೆಯ ವರ್ಗವನ್ನು ‘60 ಮತ್ತು ಮೇಲ್ಪಟ್ಟು’ ಎಂದು ತೆರೆದಿಟ್ಟಾಗ ಮಧ್ಯಾಂಕವನ್ನು ಅಂದಾಜಿಸಬಹುದಾದರೂ, ಸರಾಸರಿಯನ್ನು ಊಹೆಯಿಲ್ಲದೆ ಲೆಕ್ಕಿಸಲಾಗದಿರುವುದಕ್ಕೆ ಇದೇ ಕಾರಣ.

ಆದರೆ ಬಲಕ್ಕೆ ಬಾಲವಿದ್ದಲ್ಲೆಲ್ಲ ಸರಾಸರಿಯು ಮಧ್ಯಾಂಕವನ್ನು ಮೀರಿರುತ್ತದೆಂದು ಪಠ್ಯಪುಸ್ತಕಗಳು ಬೋಧಿಸುತ್ತ ಬಂದದ್ದು ಅತಿವ್ಯಾಪ್ತಿಯೇ ಸರಿ. ಪಾಲ್ ವಾನ್ ಹಿಪ್ಪೆಲ್ 2005ರಲ್ಲಿ ಇದನ್ನು ವಿಸ್ತರಿಸಿ ತೋರಿಸಿದನು. ನಿಯಮವು ಮುಖ್ಯವಾಗಿ ಮುರಿಯುವುದು ಬೆರಳೆಣಿಕೆಯ ಪೂರ್ಣಸಂಖ್ಯೆಗಳಲ್ಲಿ. ಹತ್ತು ಮನೆಗಳ ಪೈಕಿ ನಾಲ್ಕರಲ್ಲಿ ಒಬ್ಬೊಬ್ಬ ವಯಸ್ಕ, ಐದರಲ್ಲಿ ಇಬ್ಬಿಬ್ಬರು, ಒಂದರಲ್ಲಿ ನಾಲ್ವರು ಇದ್ದರೆ, ಬಾಲವು ಬಲಕ್ಕೇ ಇದ್ದರೂ ಮಧ್ಯಾಂಕ 2, ಸರಾಸರಿ 1.8.