ಪುರುಷಪ್ರತ್ಯಯವಿಲ್ಲದ ಮರ್ಯಾದೆ: ಕಚೇರಿಯ ಕನ್ನಡ ಸಂದೇಶಗಳಲ್ಲಿ ಗೌರವರೂಪದ ಚರಿತ್ರೆ

ಕನ್ನಡ ವಾಕ್ಯದಲ್ಲಿ ‘ನೀನು’, ‘ನೀವು’ ಎಂಬ ಸರ್ವನಾಮಗಳನ್ನು ಕೈಬಿಡಬಹುದು. ಪೂರ್ಣ ಕ್ರಿಯಾಪದದ ಕೊನೆಯ ಪ್ರತ್ಯಯವನ್ನು ಕೈಬಿಡಲಾಗದು. ‘ಬಂದೆಯಾ’ ಅಥವಾ ‘ಬಂದಿರಾ’ ಎಂಬೆರಡರಲ್ಲಿ ಒಂದನ್ನು ಬರೆಯಲೇಬೇಕು. ಬ್ರೌನ್ ಮತ್ತು ಗಿಲ್ಮನ್ 1960ರಲ್ಲಿ ಅಧಿಕಾರ ಮತ್ತು ಸಲುಗೆಯ ಪ್ರಶ್ನೆಯನ್ನು ಯುರೋಪಿನ ಭಾಷೆಗಳ ಸರ್ವನಾಮಗಳ ಮೂಲಕ ಕೇಳಿದರು. ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳುವವರು ಕ್ರಿಯಾಪದದಿಂದ ಆರಂಭಿಸಬೇಕೆಂಬುದು ನಮ್ಮ ನಿಲುವು. ಕೆಲಸದ ಸಂದೇಶಗಳಲ್ಲಿ ಈ ಪ್ರತ್ಯಯದಿಂದ ತಪ್ಪಿಸಿಕೊಳ್ಳಲು ಬರೆಯುವವರು ಕಂಡುಕೊಂಡ ದಾರಿಗಳಿಗೆ ಒಂದು ದೀರ್ಘ ಚರಿತ್ರೆಯಿದೆ.

ಹಳಗನ್ನಡದಲ್ಲಿ ಮಧ್ಯಮಪುರುಷದ ಏಕವಚನ ‘ನೀನ್’, ಬಹುವಚನ ‘ನೀಮ್’. ಇವೆರಡೂ ಬರಹದಲ್ಲಿ ‘ನೀಂ’ ಎಂದಾಗಬಲ್ಲವು. ಆಗ ವಚನವನ್ನು ತಿಳಿಸುವುದು ಕ್ರಿಯಾಪದವೇ: ‘ಬಂದಯ್’ ಎಂದರೆ ಏಕವಚನ, ‘ಬಂದಿರ್’ ಎಂದರೆ ಬಹುವಚನ. ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣದಲ್ಲಿ ನಿರೂಪಿಸಿದ ಆಖ್ಯಾತ ಪ್ರತ್ಯಯಗಳಲ್ಲಿ ಈ ‘ಅಯ್’ ಮತ್ತು ‘ಇರ್’ಗಳು ಜೋಡಿಯಾಗಿ ನಿಂತಿವೆ. ಆದರೆ ಅಂದು ಮರ್ಯಾದೆಯೆಂಬುದು ಬಹುವಚನವನ್ನೇ ನೆಚ್ಚಿಕೊಂಡಿರಲಿಲ್ಲ. ಹಳಗನ್ನಡ ಕಾವ್ಯಗಳಲ್ಲಿ ಅರಸನನ್ನು ಏಕವಚನದಲ್ಲಿ ಸಂಬೋಧಿಸುವುದು ಅಪರೂಪವಲ್ಲ. ದೇವರನ್ನು ಇಂದಿಗೂ ‘ನೀನು’ ಎನ್ನುತ್ತೇವೆ. ಗೌರವದ ಭಾರವನ್ನು ಹಲವೆಡೆ ಧಾತುವೇ ಹೊರುತ್ತಿತ್ತು. ದೊಡ್ಡವರು ಬರುವುದಿಲ್ಲ, ‘ಬಿಜಯಂಗೆಯ್ಯು’ತ್ತಾರೆ. ‘ಚಿತ್ತೈಸು’, ‘ದಯಮಾಡಿಸು’, ‘ಅಪ್ಪಣೆ ಕೊಡಿಸು’ ಎಂಬವು ಇದೇ ಸಾಲಿಗೆ ಸೇರುತ್ತವೆ. ಕೊನೆಯೆರಡರಲ್ಲಿರುವ ‘ಇಸು’ ರೂಪದಲ್ಲಿ ಪ್ರೇರಣಾರ್ಥಕವಾದರೂ ಅರ್ಥದಲ್ಲಿ ಕೇವಲ ಗೌರವಾರ್ಥಕ. ಬರಹಗಳ ಹೆಸರಿನಲ್ಲೂ ಈ ಮೇಲುಕೀಳು ಕಾಣುತ್ತದೆ: ಮೇಲಿನಿಂದ ಇಳಿಯುವುದು ನಿರೂಪ, ಕೆಳಗಿನಿಂದ ಏರುವುದು ಬಿನ್ನಹ.

1963ರ ರಾಜಭಾಷಾ ಅಧಿನಿಯಮದ ತರುವಾಯ ಬೆಳೆದ ಆಡಳಿತ ಕನ್ನಡ ಬೇರೊಂದು ದಾರಿ ಹಿಡಿಯಿತು. ಅದು ಓದುಗನ ಪುರುಷವನ್ನೇ ವಾಕ್ಯದಿಂದ ಕಳೆಯಿತು. ‘ಕ್ರಮ ಕೈಗೊಳ್ಳತಕ್ಕದ್ದು’, ‘ವರದಿ ಸಲ್ಲಿಸುವುದು’, ‘ಈ ಮೂಲಕ ಸೂಚಿಸಲಾಗಿದೆ’ ಎಂಬ ಮೂರರಲ್ಲೂ ಕ್ರಿಯಾಪದ ನಪುಂಸಕಲಿಂಗದ ಏಕವಚನದಲ್ಲಿ ತಟಸ್ಥವಾಗಿ ನಿಲ್ಲುತ್ತದೆ. ‘-ಲಾಗಿದೆ’ ಎಂಬುದನ್ನು ಕರ್ಮಣಿ ಪ್ರಯೋಗವೆಂದು ಕರೆಯುವ ರೂಢಿಯಿದೆ. ಆದರೆ ‘ವರದಿಯನ್ನು ಕಳುಹಿಸಲಾಗಿದೆ’ ಎಂಬಲ್ಲಿ ಕರ್ಮಪದ ದ್ವಿತೀಯಾ ವಿಭಕ್ತಿಯನ್ನು ಬಿಟ್ಟುಕೊಟ್ಟಿಲ್ಲ. ಅಲ್ಲಿ ನಡೆದಿರುವುದು ಕರ್ತೃವಿನ ಲೋಪ ಮಾತ್ರ. ಆಡಳಿತಕ್ಕೆ ಬೇಕಾಗಿದ್ದುದೂ ಅದೇ. ಮೂರನೆಯ ವ್ಯಕ್ತಿಯ ವಿಷಯ ಬಂದಾಗ ‘ಅವನು’, ‘ಅವರು’ಗಳ ಇಕ್ಕಟ್ಟನ್ನು ‘ಸದರಿಯವರು’ ಎಂಬ ಪದ ನೀಗಿಸಿತು.

ಹಾಗೆಂದು ದರ್ಜೆ ಅಳಿಯಲಿಲ್ಲ. ಪ್ರತ್ಯಯದಿಂದ ಹೊರಬಿದ್ದ ಮೇಲುಕೀಳು ಧಾತುವಿನೊಳಗೆ ಮರಳಿ ನೆಲೆಸಿತು. ‘ಸೂಚಿಸಲಾಗಿದೆ’ ಕೆಳಕ್ಕೆ ಮಾತ್ರ ಹರಿಯುತ್ತದೆ. ಗುಮಾಸ್ತರು ನಿರ್ದೇಶಕರಿಗೆ ಏನನ್ನೂ ಸೂಚಿಸಲಾರರು, ಕೋರಬಲ್ಲರು. ವ್ಯಾಕರಣದ ದೃಷ್ಟಿಯಿಂದ ‘ಸೂಚಿಸಲಾಗಿದೆ’, ‘ಕೋರಲಾಗಿದೆ’ಗಳು ಒಂದೇ ರಚನೆ, ಸಾಮಾಜಿಕವಾಗಿ ಅವು ನಿರೂಪ ಮತ್ತು ಬಿನ್ನಹಗಳೇ.

ಈ ಪರಂಪರೆಯಿಂದ ಇಂದಿನ ಮೊಬೈಲ್ ಸಂದೇಶಕ್ಕೆ ಏನು ಉಳಿದಿದೆ ಎಂಬುದನ್ನು ನೋಡಲು, ನಾವೇ ರೂಪಿಸಿಕೊಂಡ ಒಂದು ಸನ್ನಿವೇಶವನ್ನು ಬಳಸುತ್ತೇವೆ. ಲಾಲ್‌ಬಾಗಿನ ಪಕ್ಕದ ಸಿದ್ದಾಪುರದಲ್ಲಿ ಸಸಿ ಮಾರುವ ನರ್ಸರಿಗಳು ಸಾಕಷ್ಟಿವೆ. ಅಂಥ ಒಂದು ನರ್ಸರಿಯ ಯುವ ಮೇಲ್ವಿಚಾರಕಿ, ನಾಳೆ ಸಸಿಗಳನ್ನು ಎಣಿಸಬೇಕೆಂಬ ವಿಷಯವನ್ನು ನಾಲ್ವರಿಗೆ ತಿಳಿಸಬೇಕಾಗಿದೆಯೆನ್ನೋಣ. ಮಾಲೀಕರಿಗೆ ಆಕೆ ‘ಸರ್, ನಾಳೆಯ ಎಣಿಕೆಯನ್ನು ತಾವೊಮ್ಮೆ ನೋಡಬೇಕು’ ಎಂದು ಬರೆಯುತ್ತಾಳೆ. ‘ಬೇಕು’ ಯಾವ ಪುರುಷಕ್ಕೂ ಬದಲಾಗದ ಕ್ರಿಯಾಪದವಾದ್ದರಿಂದ ಮರ್ಯಾದೆಯ ಹೊಣೆ ‘ಸರ್’ ಮತ್ತು ‘ತಾವು’ಗಳದ್ದು. ಸಮವಯಸ್ಕ ಲೆಕ್ಕಿಗಳಿಗೆ ‘ನಾಳೆ ಎಣಿಕೆ ಇದೆ, ಬೇಗ ಬಾ’ ಎಂದರೆ ಸಾಕು. ಹೊಸದಾಗಿ ಸೇರಿದ ಹುಡುಗನಿಗೆ ‘ಬೇಗ ಬಾಪ್ಪ’. ಈ ‘ಅಪ್ಪ’ ಏಕವಚನವನ್ನು ಬದಲಿಸದೆಯೇ ಅದರ ಮೊನೆಯನ್ನು ಮೊಂಡಾಗಿಸುತ್ತದೆ.

ತೊಡಕಿರುವುದು ನಾಲ್ಕನೆಯವರಲ್ಲಿ. ಅರವತ್ತು ದಾಟಿದ ತೋಟದ ಮಾಲಿ ದರ್ಜೆಯಲ್ಲಿ ಕಿರಿಯ, ವಯಸ್ಸಿನಲ್ಲಿ ಹಿರಿಯ. ಅವರನ್ನು ಆಕೆ ಕರೆಯುವುದು ‘ಅಣ್ಣಾ’ ಎಂದು. ‘ಸರ್’ ಎಂಬ ಸಂಬೋಧನೆ ಬಹುವಚನವನ್ನು ಕಡ್ಡಾಯಗೊಳಿಸುತ್ತದೆ, ‘ಸರ್, ಬಾ’ ಎಂಬ ವಾಕ್ಯವೇ ಇಲ್ಲ. ‘ಅಣ್ಣಾ’ ಎಂಬುದು ಹಾಗಲ್ಲ. ‘ಅಣ್ಣಾ ಬಾ’, ‘ಅಣ್ಣಾ ಬನ್ನಿ’ ಎರಡೂ ಸಲ್ಲುತ್ತವೆ. ಮೊದಲನೆಯದರಲ್ಲಿ ಮನೆಯ ಸಲುಗೆಯಿದೆ, ಆದರೆ ಬರೆಯುವವಳು ಮೇಲಧಿಕಾರಿಯಾದಾಗ ಅದನ್ನೇ ದರ್ಪವೆಂದು ಓದಬಹುದು. ಎರಡನೆಯದು ಸುರಕ್ಷಿತ, ತುಸು ದೂರ. ಮೂರನೆಯ ದಾರಿ ‘ಅಣ್ಣಾ, ನಾಳೆ ಬೇಗ ಬಂದರೆ ಒಳ್ಳೆಯದು’. ‘ಬಂದರೆ’ ಎಂಬ ಪಕ್ಷಾರ್ಥಕ ರೂಪಕ್ಕೆ ಪುರುಷವಿಲ್ಲ, ವಚನವಿಲ್ಲ. ಆಡಳಿತ ಕನ್ನಡ ‘ತಕ್ಕದ್ದು’ವಿನಿಂದ ಮಾಡಿಸಿಕೊಂಡ ಕೆಲಸವನ್ನು ಇದು ಆಡುಮಾತಿನ ಸಾಮಗ್ರಿಯಿಂದಲೇ ಮಾಡುತ್ತದೆ. ಮಾತಿನಲ್ಲಿ ದನಿ ಸರಿಪಡಿಸುವುದನ್ನು ಬರಹದಲ್ಲಿ ಇಂಥ ರೂಪಗಳು ಸರಿಪಡಿಸಬೇಕಾಗಿದೆ.

ಮಾಲೀಕರಿಗೆ ಬರೆದ ‘ತಾವು’ ಕೂಡ ಪೂರ್ಣ ಸುರಕ್ಷಿತವಲ್ಲ. ಅದು ಮೂಲತಃ ಪ್ರಥಮಪುರುಷಕ್ಕೆ ಸಲ್ಲುವ ಆತ್ಮಾರ್ಥಕ ಸರ್ವನಾಮದ ಬಹುವಚನ. ಗೌರವಕ್ಕಾಗಿ ಎದುರಿನವರಿಗೆ ಎರವಲಾದದ್ದು. ‘ತಾವು ಬಂದಿರಿ’ ಎಂಬಲ್ಲಿ ಪ್ರತ್ಯಯ ಸಂದೇಹ ಕಳೆಯುತ್ತದೆ. ‘ನಿರ್ದೇಶಕರು ತಾವು ಸಭೆಗೆ ಬರುವುದಾಗಿ ತಿಳಿಸಿದ್ದಾರೆ’ ಎಂಬಲ್ಲಿ ‘ಬರುವುದಾಗಿ’ಗೆ ಪುರುಷಪ್ರತ್ಯಯವಿಲ್ಲದ ಕಾರಣ, ಸಭೆಗೆ ಬರುವವರು ನಿರ್ದೇಶಕರೋ ಸಂದೇಶ ಓದುತ್ತಿರುವವರೋ ತಿಳಿಯದು. ‘ನೀವು’ ಎಂದಿದ್ದರೆ ಈ ಗೊಂದಲವಿರುತ್ತಿರಲಿಲ್ಲ.

ಇದಕ್ಕಿಂತ ಹೆಚ್ಚು ಕಾಡುವುದು ‘ಇ’ಕಾರಾಂತ ರೂಪ. ಹಳಗನ್ನಡದಲ್ಲಿ ಬಹುವಚನದ ವಿಧಿರೂಪ ‘ಮಾಡಿಂ’, ಕೃದಂತಾವ್ಯಯ ‘ಮಾಡಿ’. ಎರಡೂ ಬೇರೆ ಬೇರೆ. ವಿಧಿರೂಪದ ಕೊನೆಯ ಅನುನಾಸಿಕ ಉದುರಿದ ಮೇಲೆ ಅವೆರಡೂ ಒಂದಾದವು ಎಂದು ನಾವು ಎಣಿಸುತ್ತೇವೆ. ನಿಡಿದಾದ ಪತ್ರದಲ್ಲಿ ಇದರಿಂದ ತೊಂದರೆಯಿಲ್ಲ, ಏಕೆಂದರೆ ಕೃದಂತದ ಹಿಂದೆಯೇ ಪೂರ್ಣ ಕ್ರಿಯಾಪದ ಬರುತ್ತದೆ. ತುಂಡು ತುಂಡಾಗಿ ಕಳುಹಿಸುವ ಸಂದೇಶದಲ್ಲಿ ಹಾಗಲ್ಲ. ಕಿರಿಯರೊಬ್ಬರು ಮೇಲಧಿಕಾರಿಗೆ ‘ಪಟ್ಟಿ ಕಳುಹಿಸಿ’ ಎಂದು ಬರೆದು ಕಳುಹಿಸುತ್ತಾರೆ. ‘ಹೊರಡುತ್ತೇನೆ’ ಎಂಬುದು ಒಂದು ನಿಮಿಷ ತಡವಾಗಿ ಹೋಗುತ್ತದೆ. ಆ ಒಂದು ನಿಮಿಷ ಮೇಲಧಿಕಾರಿಯ ಕಣ್ಣೆದುರು ನಿಂತಿರುವುದು ಆಜ್ಞೆ. ‘ಕಳುಹಿಸು’, ‘ಮಾಡು’, ‘ಹೋಗು’ಗಳಂಥ ಧಾತುಗಳಲ್ಲಿ ಮಾತ್ರ ಈ ಅಪಾಯವಿದೆ, ‘ಬಂದು’ ಮತ್ತು ‘ಬನ್ನಿ’, ‘ಕೊಟ್ಟು’ ಮತ್ತು ‘ಕೊಡಿ’ ಎಂದಿಗೂ ಬೆರೆಯವು. ‘ಕಳುಹಿಸಿರಿ’ ಎಂಬ ನೀಳ ರೂಪ ಸಂದೇಹವನ್ನು ಕಳೆಯುತ್ತದೆಯಾದರೂ, ಬೆಂಗಳೂರಿನ ಕಿವಿಗೆ ಅದು ಪ್ರಶ್ನೆಪತ್ರಿಕೆಯ ‘ಉತ್ತರಿಸಿರಿ’ಯನ್ನು ನೆನಪಿಸುತ್ತದೆ. ಧಾರವಾಡದ ಕಡೆಯ ‘ಕಳಸ್ರಿ’ಗೆ ಈ ಬಿಗುಪೂ ಇಲ್ಲ, ಸಂದೇಹವೂ ಇಲ್ಲ.

ಇದೇ ‘ಇ’ಕಾರ ಗುಂಪಿನ ಸಂದೇಶದಲ್ಲಿ ಬರೆಯುವವರನ್ನು ಕಾಯುತ್ತದೆ. ನರ್ಸರಿಯ ಎಲ್ಲರಿಗೂ ಒಟ್ಟಾಗಿ ‘ನಾಳೆ ಬೇಗ ಬನ್ನಿ’ ಎಂದಾಗ ಅದು ನಿಜವಾದ ಬಹುವಚನ. ಮಾಲೀಕರು ಅದನ್ನು ಗೌರವವೆಂದು ಓದಬಹುದು, ಹೊಸ ಹುಡುಗ ಎಣಿಕೆಯೆಂದು. ಮರುಗಳಿಗೆಯಲ್ಲಿ ಅದೇ ಹುಡುಗನಿಗೆ ಪ್ರತ್ಯೇಕವಾಗಿ ಬರೆಯಲು ಹೊರಟಾಗ ಮೇಲ್ವಿಚಾರಕಿ ‘ಬಾ’ ಮತ್ತು ‘ಬನ್ನಿ’ಗಳ ನಡುವೆ ಮತ್ತೆ ಆರಿಸಲೇಬೇಕು.