ಮಳೆ ಬಂದಿಲ್ಲವೋ, ವರದಿ ಬಂದಿಲ್ಲವೋ?

ಭಾರತೀಯ ಹವಾಮಾನ ಇಲಾಖೆ ಹೊರಡಿಸುವ ಮಳೆ ನಕ್ಷೆಗಳಲ್ಲಿ ‘ಮಳೆಯಿಲ್ಲ’ ಎನ್ನುವುದಕ್ಕೆ ಒಂದು ಬಣ್ಣ, ‘ಮಾಹಿತಿಯಿಲ್ಲ’ ಎನ್ನುವುದಕ್ಕೆ ಇನ್ನೊಂದು ಬಣ್ಣ. ಕೃಷ್ಣೆ, ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿನಲ್ಲಿ ಈ ಎರಡು ಬಣ್ಣಗಳ ಅಂತರ ದೊಡ್ಡದು. ದೇವದುರ್ಗದಲ್ಲಿ ಮಳೆ ಸೊನ್ನೆ ಎಂದಾದರೆ ಒಣಭೂಮಿಯ ರೈತ ಬಿತ್ತನೆ ಮುಂದೂಡುತ್ತಾನೆ. ದೇವದುರ್ಗದಿಂದ ವರದಿಯೇ ಬಂದಿಲ್ಲ ಎಂದಾದರೆ ಯಾರಾದರೂ ಅಲ್ಲಿಗೆ ಫೋನು ಮಾಡಿ ಕೇಳಬೇಕು. ನಕ್ಷೆ ಬರೆಯುವವರಿಗೆ ಗೊತ್ತಿದ್ದ ಈ ಭೇದವನ್ನು ವ್ಯಾಪಕ ಬಳಕೆಯ ಕೆಲವು ಪ್ರೋಗ್ರಾಮಿಂಗ್ ಭಾಷೆಗಳು ಕಡ್ಡಾಯ ಮಾಡಲು ಸುಮಾರು ಐವತ್ತು ವರ್ಷ ಹಿಡಿಯಿತು.

ಒಂದು ಕಲ್ಪಿತ ಲೆಕ್ಕ ನೋಡೋಣ. ಬೆಳಗಿನ 8.30ರ ಓದಿನಲ್ಲಿ ರಾಯಚೂರು ನಗರದಿಂದ 12 ಮಿಲಿಮೀಟರ್, ಮಾನ್ವಿಯಿಂದ 6 ಮಿಲಿಮೀಟರ್ ಬಂದಿದೆ. ದೇವದುರ್ಗದ ಮಳೆಮಾಪಕ ಮೌನವಾಗಿದೆ. ಆ ಜಾಗಕ್ಕೆ ಸೊನ್ನೆ ತುಂಬಿದರೆ ಮೂರು ಊರುಗಳ ಸರಾಸರಿ 6. ದೇವದುರ್ಗವನ್ನು ಕೈಬಿಟ್ಟರೆ ಸರಾಸರಿ 9. ಹಳೆಯ ದತ್ತಾಂಶ ಕಡತಗಳ ರೂಢಿಯಂತೆ ‘ಇಲ್ಲ’ ಎಂಬುದಕ್ಕೆ -99.9 ಎಂದು ಬರೆದು, ಅದನ್ನು ತೆಗೆದುಹಾಕಲು ಮರೆತರೆ ಸರಾಸರಿ -27.3. ಮೂರರಲ್ಲಿ ಕೊನೆಯದೇ ವಾಸಿ ಎಂದು ನನಗನ್ನಿಸುತ್ತದೆ. ಮಳೆ ಋಣಾತ್ಮಕವಾಗಿರದು, ಕಣ್ಣಿಗೆ ಬಿದ್ದ ಕೂಡಲೇ ತಪ್ಪು ಸಿಕ್ಕಿಬೀಳುತ್ತದೆ. 6 ಎಂಬ ಅಂಕಿ ಮಾತ್ರ ಯಾರಿಗೂ ಅನುಮಾನ ಬಾರದಂತೆ ವರದಿಯೊಳಗೆ ಕೂತುಬಿಡುತ್ತದೆ.

ಪ್ರೋಗ್ರಾಮಿಂಗ್‌ನಲ್ಲಿ ಈ ಖಾಲಿ ಜಾಗಕ್ಕೆ ‘ನಲ್’ ಎಂಬ ಗುರುತು ಕೊಟ್ಟವರು ಟೋನಿ ಹೋರ್. 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ರೆಫರೆನ್ಸ್‌ಗಳನ್ನು ವಿನ್ಯಾಸ ಮಾಡುತ್ತಿದ್ದಾಗ, ಯಾವ ರೆಫರೆನ್ಸ್ ಬೇಕಾದರೂ ಏನನ್ನೂ ತೋರಿಸದೆ ಇರಬಹುದು ಎಂಬ ಅನುಕೂಲವನ್ನು ಅವರು ಸೇರಿಸಿದರು. ಸೇರಿಸುವುದು ಬಹಳ ಸುಲಭವಾಗಿತ್ತು, ಅದೇ ಕಾರಣ. 2009ರಲ್ಲಿ ಲಂಡನ್ನಿನ ಒಂದು ಸಮ್ಮೇಳನದಲ್ಲಿ ಅವರೇ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದು ಕರೆದರು. ತೊಂದರೆ ನಲ್ ಇರುವುದರಲ್ಲಲ್ಲ. ಅದು ಎಲ್ಲೆಲ್ಲೂ ಇರಬಹುದು ಎನ್ನುವುದರಲ್ಲಿ. ಮಳೆಯ ದಾಖಲೆ ಕೊಡುತ್ತೇನೆ ಎನ್ನುವ ಫಂಕ್ಷನ್ ದಾಖಲೆಯನ್ನೂ ಕೊಡಬಹುದು, ಏನೂ ಕೊಡದೆಯೂ ಇರಬಹುದು; ಹೊರಗಿನಿಂದ ನೋಡಿದವರಿಗೆ ಎರಡರ ಸಹಿಯೂ ಒಂದೇ.

ದತ್ತಾಂಶ ಲೋಕ ಬೇರೆ ದಾರಿ ಹಿಡಿಯಿತು. ಎಸ್‌ಕ್ಯೂಎಲ್‌ನಲ್ಲಿ `AVG` ಕೇಳಿದರೆ ಅದು `NULL` ಇರುವ ಸಾಲುಗಳನ್ನು ಬಿಟ್ಟು ಲೆಕ್ಕ ಹಾಕುತ್ತದೆ. ನಮ್ಮ ಉದಾಹರಣೆಗೆ ಸಿಗುವ ಉತ್ತರ 9. ಸೊನ್ನೆ ತುಂಬುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಮೂರರಲ್ಲಿ ಎರಡೇ ಊರು ಲೆಕ್ಕಕ್ಕೆ ಸಿಕ್ಕವು ಎಂಬುದನ್ನು ಅದು ತಾನಾಗಿ ಹೇಳುವುದಿಲ್ಲ.

ಪರಿಹಾರ ಹುಟ್ಟಿದ್ದು ಗಣಿತದ ಕಡೆ ಒಲವಿದ್ದವರ ನಡುವೆ. ಎಡಿನ್‌ಬರೊದಲ್ಲಿ ರಾಬಿನ್ ಮಿಲ್ನರ್ ತಂಡ 1970ರ ದಶಕದಲ್ಲಿ ಎಂಎಲ್ ಭಾಷೆಯನ್ನು ಕಟ್ಟಿತು. 1980ರಲ್ಲಿ ಅಲ್ಲಿಯದೇ ಹೋಪ್ ಎಂಬ ಭಾಷೆ, ಒಂದು ಮೌಲ್ಯ ಹಲವು ರೂಪಗಳಲ್ಲಿ ಒಂದಾಗಿರಬಹುದು ಎಂದು ಟೈಪಿನಲ್ಲೇ ಹೇಳಿ, ರೂಪ ನೋಡಿ ಕವಲೊಡೆಯುವ ಕ್ರಮವನ್ನು ಗಟ್ಟಿಗೊಳಿಸಿತು. ಸ್ಟ್ಯಾಂಡರ್ಡ್ ಎಂಎಲ್‌ನ ಆಪ್ಷನ್, ಹ್ಯಾಸ್ಕೆಲ್‌ನ `Maybe` ಈ ಬೇರಿನವು. ‘ಇಲ್ಲದಿರಬಹುದು’ ಎಂಬುದು ಈಗ ಟೈಪಿನ ಭಾಗವಾಯಿತು. ರಸ್ಟ್ ಭಾಷೆಯಲ್ಲಿ ನಮ್ಮ ಫಂಕ್ಷನ್ನಿನ ಸಹಿ ಹೀಗಿರುತ್ತದೆ:

```rust
fn male(sthala: &str) -> Option<f64>
```

ಇದರಿಂದ ಬಂದುದನ್ನು ನೇರವಾಗಿ ಮೊತ್ತಕ್ಕೆ ಕೂಡಿಸಲು ಹೋದರೆ ಕಂಪೈಲರ್ ತಡೆಯುತ್ತದೆ: ``cannot add-assign `Option<f64>` to `f64` ``. ಅದು ಇನ್ನೂ ಮಿಲಿಮೀಟರ್ ಅಲ್ಲ, ಮಿಲಿಮೀಟರ್ ಇರಬಹುದಾದ ಒಂದು ಲಕೋಟೆ. ಬಿಚ್ಚಿ ನೋಡಿಯೇ ಮುಂದೆ ಹೋಗಬೇಕು:

```rust
match male("Devadurga") {
    Some(mm) => motta += mm,
    None => baaki.push("Devadurga"),
}
```

`None` ಸಾಲನ್ನು ಅಳಿಸಿದರೆ ಆ ಸಂದರ್ಭ ಬಿಟ್ಟುಹೋಗಿದೆ ಎಂದು ಕಂಪೈಲರ್ ಹೆಸರಿಸಿ ಹೇಳುತ್ತದೆ, ಪ್ರೋಗ್ರಾಂ ತಯಾರಾಗುವುದೇ ಇಲ್ಲ. ಸ್ಟ್ಯಾಂಡರ್ಡ್ ಎಂಎಲ್‌ನಲ್ಲಿ ಇದು ಬರೀ ಎಚ್ಚರಿಕೆಯಾಗಿತ್ತು. ತಡೆಗೋಡೆಯಾದದ್ದು ನಂತರದ ಕಥೆ.

ಆ ನಂತರದ ಕಥೆ ಬೇಗ ಬೇಗ ನಡೆಯಿತು. 2014ರಲ್ಲಿ ಸ್ವಿಫ್ಟ್, 2015ರಲ್ಲಿ ರಸ್ಟ್ 1.0, 2016ರಲ್ಲಿ ಕಾಟ್ಲಿನ್ 1.0 ಬಂದವು. ಮೂರರಲ್ಲೂ ಸಾಮಾನ್ಯ ಟೈಪ್ ಖಾಲಿಯಾಗಿರುವಂತಿಲ್ಲ, ಖಾಲಿಯಾಗಬಲ್ಲದ್ದಕ್ಕೆ ಬೇರೆ ಗುರುತು ಬೇಕು. ಹಳೆಯ ಭಾಷೆಗಳಿಗೆ ಇದು ಕಷ್ಟದ ತೇಪೆ. ಜಾವಾ 8 ಕೊಟ್ಟ `Optional` ತಾನೇ ನಲ್ ಆಗಬಹುದು! ಸಿ ಶಾರ್ಪ್ 2019ರಲ್ಲಿ ನಲ್ ಪರೀಕ್ಷೆ ತಂದರೂ ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತದೆ. ಕೋಟಿಗಟ್ಟಲೆ ಸಾಲುಗಳ ಹಳೆಯ ಕೋಡನ್ನು ಒಂದೇ ದಿನ ಮುರಿಯುವ ಧೈರ್ಯ ಯಾರಿಗಿದೆ?

ಆಪ್ಷನ್‌ಗೂ ಒಂದು ಕೊರತೆಯಿದೆ: ಇಲ್ಲ ಎನ್ನುತ್ತದೆ, ಏಕೆ ಇಲ್ಲ ಎನ್ನುವುದಿಲ್ಲ. ದೇವದುರ್ಗದಿಂದ ಸಂದೇಶವೇ ಬರಲಿಲ್ಲವೇ, ಅಥವಾ ಬಂದ ಸಂದೇಶದಲ್ಲಿ `1O.5` ಎಂದು ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಓ ಅಕ್ಷರವಿತ್ತೇ? ಮೊದಲನೆಯದಕ್ಕೆ ಮಾಪಕವನ್ನು ನೋಡಲು ಆಳು ಹೋಗಬೇಕು, ಎರಡನೆಯದನ್ನು ಕುಳಿತಲ್ಲೇ ಸರಿಪಡಿಸಬಹುದು. ರಿಸಲ್ಟ್ ಟೈಪ್ ಇದಕ್ಕಾಗಿ. ಅದರಲ್ಲಿ `Ok` ಒಳಗೆ ಅಂಕಿ ಇರುತ್ತದೆ, `Err` ಒಳಗೆ ಕಾರಣ. 2016ರ ಕೊನೆಗೆ ರಸ್ಟ್ 1.13 ತಂದ `?` ಚಿಹ್ನೆ, ಕಾರಣವನ್ನು ಕರೆದವರಿಗೆ ಒಂದೇ ಅಕ್ಷರದಲ್ಲಿ ದಾಟಿಸುತ್ತದೆ. ಈ ಸಣ್ಣ ಅನುಕೂಲ ಇಲ್ಲದಿದ್ದರೆ ಪ್ರತಿ ಸಾಲಿಗೂ ಒಂದು `match` ಬರೆದು ಬರೆದು ಜನ ಬೇಸತ್ತುಬಿಡುತ್ತಿದ್ದರು.

2025ರ ಎರಡು ಘಟನೆಗಳು ಈ ಕ್ಷೇತ್ರ ಎಲ್ಲಿಗೆ ಬಂದು ನಿಂತಿದೆ ಎಂದು ತೋರಿಸುತ್ತವೆ. ಜೂನ್ 12ರಂದು ಗೂಗಲ್ ಕ್ಲೌಡ್ ಜಗತ್ತಿನಾದ್ಯಂತ ಗಂಟೆಗಟ್ಟಲೆ ಕುಸಿಯಿತು. ಒಂದು ನೀತಿ ದಾಖಲೆಯಲ್ಲಿ ಕೆಲವು ಅಂಕಣಗಳು ಖಾಲಿಯಿದ್ದವು, ಅವನ್ನು ಓದಿದ ಕೋಡ್ ನಲ್ ಪಾಯಿಂಟರಿಗೆ ಮುಗ್ಗರಿಸಿ ಮತ್ತೆ ಮತ್ತೆ ಬಿದ್ದಿತು. ಇದು 1965ರ ಹಳೆಯ ಕಾಯಿಲೆ. ನವೆಂಬರ್ 18ರಂದು ಕ್ಲೌಡ್‌ಫ್ಲೇರ್ ಬಿದ್ದಿತು, ಅಲ್ಲಿದ್ದದ್ದು ರಸ್ಟ್. 200ಕ್ಕೆ ಮಿತಿ ಹಾಕಿದ್ದ ಕಡತಕ್ಕೆ ಅದಕ್ಕಿಂತ ಹೆಚ್ಚು ಅಂಶಗಳು ಬಂದವು. ರಿಸಲ್ಟ್ `Err` ಎಂದು ಸರಿಯಾಗಿಯೇ ಹೇಳಿತು, ಆದರೆ ಬರೆದವರು ಅಲ್ಲಿ `unwrap()` ಹಾಕಿದ್ದರು. ಅದರ ಅರ್ಥ: ಒಳಗೆ ಮೌಲ್ಯ ಇದ್ದೇ ಇರುತ್ತದೆ, ಇಲ್ಲದಿದ್ದರೆ ಪ್ರೋಗ್ರಾಂ ನಿಲ್ಲಲಿ.

ಟೈಪ್ ಒತ್ತಾಯಿಸುವುದು ನಿರ್ಧಾರ ಮಾಡು ಎಂದು, ಒಳ್ಳೆಯ ನಿರ್ಧಾರ ಮಾಡು ಎಂದಲ್ಲ. `unwrap()` ಹುಡುಕಿಕೊಡಲು ರಸ್ಟ್‌ನ ಕ್ಲಿಪ್ಪಿ ಉಪಕರಣದಲ್ಲಿ `clippy::unwrap_used` ಎಂಬ ನಿಯಮವಿದೆ, ನಾವಾಗಿ ಆನ್ ಮಾಡಿಕೊಳ್ಳಬೇಕು. ಆದರೆ `male("Devadurga").unwrap_or(0.0)` ಎಂದು ಬರೆದರೆ ಕಂಪೈಲರಿಗೂ ತೃಪ್ತಿ, ಆ ನಿಯಮಕ್ಕೂ ತೃಪ್ತಿ. ಸರಾಸರಿ ಮಾತ್ರ ಮತ್ತೆ 6. ಕುಸಿತದಿಂದ ತಪ್ಪಿಸಿಕೊಳ್ಳುವ ಆತುರದಲ್ಲಿ ಬರೆಯುವ ಈ ಸಾಲು `unwrap()`ಗಿಂತ ಕೆಟ್ಟದ್ದು, ಏಕೆಂದರೆ `unwrap()` ಪ್ರೋಗ್ರಾಮನ್ನು ನಿಲ್ಲಿಸಿದಾಗ ಕನಿಷ್ಠ ಗೊತ್ತಾಗುತ್ತದೆ. ಮಳೆ ಲೆಕ್ಕ ಬರೆಯುವವರು ಸರಾಸರಿಯೊಂದನ್ನೇ ಹಿಂತಿರುಗಿಸುವ ಬದಲು ಸರಾಸರಿ, ವರದಿ ಕೊಟ್ಟ ಊರುಗಳ ಸಂಖ್ಯೆ, ಬಾಕಿ ಉಳಿದ ಊರುಗಳ ಪಟ್ಟಿ, ಈ ಮೂರನ್ನೂ ಒಟ್ಟಿಗೆ ಕಳಿಸಬಹುದು. ಆಗ ವರದಿ ಹೀಗಿರುತ್ತದೆ: 9 ಮಿಲಿಮೀಟರ್, ಮೂರರಲ್ಲಿ ಎರಡು ಊರು, ದೇವದುರ್ಗ ಬಾಕಿ.